ಹರಳಿನ ನೋವು ನಿಂತರೆ ಹರಳು ಬಿದ್ದಂತಲ್ಲ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಜನ್ ಮುಗಿಯುತ್ತಾ ಬಂದು ಬಿಸಿಲು ಏರತೊಡಗಿದರೆ ನನ್ನ ದವಾಖಾನೆಗೆ ಹರಳಿನ ನೋವಿನವರು ಜಾಸ್ತಿ ಬರುತ್ತಾರೆ. ಹಮಾಲರು, ಚೀಲ ಹೊಲಿಯುವವರು, ಲಾರಿ ಡ್ರೈವರ್‌ಗಳು. ದಿನವಿಡೀ ಬೆವರು ಸುರಿಸುತ್ತಾರೆ, ಕುಡಿಯುವುದು ಮಾತ್ರ ನಾಲ್ಕು ಕಪ್ ಚಹಾ. ಮೂತ್ರ ಗಟ್ಟಿಯಾಗಿ, ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಕೂಡಿಕೊಂಡು ಹರಳಾಗುತ್ತವೆ. ಖಾರ ತಿಂದು ಹರಳಾಯಿತು ಎಂದು ಮಾರುಕಟ್ಟೆ ಯಾರ್ಡಿನಲ್ಲಿ ಹೇಳುತ್ತಾರೆ. ಪಾಪ, ಮೆಣಸಿನಕಾಯಿದು ಇದರಲ್ಲಿ ಏನೂ ತಪ್ಪಿಲ್ಲ.

ಒಬ್ಬ ಹಮಾಲಿಯ ವಿಷಯ ಹೇಳುತ್ತೇನೆ. ವಯಸ್ಸು ಮೂವತ್ತೈದರ ಆಸುಪಾಸು. ಬೆಳಿಗ್ಗೆ ಬೈಕ್ ಮೇಲೆ ನಡುವೆ ಕೂರಿಸಿಕೊಂಡು ಕರೆತಂದರು. ಬೆಂಚಿನ ಮೇಲೆ ಕೂರಲಾಗಲಿಲ್ಲ. ನಿಂತ, ಬಗ್ಗಿದ, ನೆಲದ ಮೇಲೆ ಉರುಳಿದ, ಮತ್ತೆ ಎದ್ದ. "ಡಾಕ್ಟ್ರ, ಎಡಕಿನ ಪಕ್ಕಡಿಯಾಗ ಸುರು ಆತ್ರಿ. ಈಗ ತೊಡಿಸಂದಿಗೆ ಇಳದೈತಿ. ಒಂದಕ್ಕ ಹೋದ್ರ ಕೆಂಪಗ ಬಂತ್ರಿ" ಎಂದ.

ಈ ಒದ್ದಾಟವೇ ನನಗೆ ಮೊದಲ ಸುಳಿವು. ಅಪೆಂಡಿಕ್ಸ್ ಒಡೆದವರು ಅಲುಗಾಡದೆ ಮಲಗುತ್ತಾರೆ, ಅಲುಗಾಡಿದರೆ ನೋವು ಹೆಚ್ಚುತ್ತದೆ. ಹರಳಿನವರಿಗೆ ಹೇಗೆ ಮಲಗಿದರೂ ಸಮಾಧಾನವಿಲ್ಲ. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಮೂತ್ರನಾಳದಲ್ಲಿ ಹರಳು ಸಿಕ್ಕಿಕೊಂಡಾಗ ಅದರ ಹಿಂದೆ ಮೂತ್ರ ತುಂಬಿ ಕಿಡ್ನಿ ಉಬ್ಬುತ್ತದೆ. ಆ ಉಬ್ಬಿನದೇ ನೋವು. ಕಿಡ್ನಿ, ಮೂತ್ರನಾಳ, ತೊಡೆಸಂದು, ಬೀಜ ಇವುಗಳ ನರಗಳು ಬೆನ್ನುಹುರಿಯಲ್ಲಿ ಹತ್ತಿರ ಹತ್ತಿರವೇ ಸೇರುವುದರಿಂದ ಮೇಲಿನ ನೋವು ಕೆಳಗೂ ಕಾಣಿಸುತ್ತದೆ. ಹಾಗಂತ ಬೀಜ ಪರೀಕ್ಷೆ ಮಾಡದೆ ನಾನು ಬಿಡುವುದಿಲ್ಲ. ಹರೆಯದ ಹುಡುಗರಲ್ಲಿ ಬೀಜ ತಿರುಚಿಕೊಂಡರೂ ಹೀಗೇ ನೋವು ಬರುತ್ತದೆ, ಅದನ್ನು ಉಳಿಸಲು ಇರುವುದು ಸುಮಾರು 6 ಗಂಟೆ. ಹೆಣ್ಣುಮಕ್ಕಳಾದರೆ ಮುಟ್ಟಿನ ತಾರೀಖು ಕೇಳಿ ಗರ್ಭದ ಪರೀಕ್ಷೆ ಮಾಡಿಸುತ್ತೇನೆ.

ಆತನ ಹೆಂಡತಿ ಹೆದರಿದ್ದು ರಕ್ತಕ್ಕೆ. ಹರಳು ನಾಳದ ಒಳಪದರವನ್ನು ಕೆರೆದಾಗ ರಕ್ತ ಬರುತ್ತದೆ. ಸ್ವಲ್ಪವೇ ರಕ್ತ ಬೆರೆತರೂ ಮೂತ್ರವೆಲ್ಲ ಕೆಂಪಗೆ ಕಾಣುತ್ತದೆ. ಕೆಂಪು ಜಾಸ್ತಿಯಾದರೆ ಹರಳು ದೊಡ್ಡದು ಅಂತಲ್ಲ. ಕೆಲವರಲ್ಲಿ ರಕ್ತ ಕಣ್ಣಿಗೆ ಕಾಣುವುದೇ ಇಲ್ಲ, ಲ್ಯಾಬಿನಲ್ಲಷ್ಟೇ ಸಿಗುತ್ತದೆ. ನನಗೆ ಹೆಚ್ಚು ಚಿಂತೆ ನೋವೇ ಇಲ್ಲದೆ ರಕ್ತ ಹೋಗುವವರದು. ನಲವತ್ತು ದಾಟಿ, ಬೀಡಿ ಸೇದುವವರಾದರೆ ಮೂತ್ರಚೀಲದಲ್ಲಿ ಗಡ್ಡೆ ಇದೆಯೇ ಎಂದು ನೋಡಿಸಲೇಬೇಕು.

ಸೂಜಿಗಿಂತ ಮೊದಲು ಥರ್ಮಾಮೀಟರ್ ಇಟ್ಟೆ. ಜ್ವರ ಇರಲಿಲ್ಲ. ಕಿಡ್ನಿ ತೊಂದರೆ, ಹೊಟ್ಟೆಯ ಅಲ್ಸರ್, ನೋವಿನ ಮಾತ್ರೆಯಿಂದ ಉಬ್ಬಸ ಇದೆಯೇ ಎಂದು ಕೇಳಿದೆ. ಯಾವುದೂ ಇಲ್ಲ ಎಂದಮೇಲೆ ಡೈಕ್ಲೋಫೆನಾಕ್ 75 ಮಿಲಿಗ್ರಾಂ ಸೊಂಟಕ್ಕೆ ಕೊಟ್ಟೆ. "ಸಲಾಯಿನ್ ಹಚ್ರಿ, ತೊಳಕೊಂಡು ಹೋಗತೈತಿ" ಎಂದು ಕರೆತಂದವರು ಒತ್ತಾಯ ಮಾಡಿದರು. ವಾಂತಿಯಾಗಿ ಒಣಗಿದ್ದರೆ ಸಲಾಯಿನ್ ಬೇಕು. ಇಲ್ಲದಿದ್ದರೆ ಅದು ಹರಳನ್ನು ತಳ್ಳುವುದಿಲ್ಲ. ನೋವಿನ ಹೊತ್ತಲ್ಲಿ ಒತ್ತಾಯದಿಂದ ಚೊಂಬುಗಟ್ಟಲೆ ನೀರು ಕುಡಿದರೂ ಅಷ್ಟೇ. ಅರ್ಧ ಗಂಟೆಯಲ್ಲಿ ಆತ ಬೆಂಚಿನ ಮೇಲೆ ಮಲಗಿದ.

ಆಮೇಲೆ ಮೂತ್ರ ಪರೀಕ್ಷೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಸೋನೋಗ್ರಫಿ. ಸೋನೋಗ್ರಫಿಗೆ ಮೂತ್ರ ತುಂಬಿಕೊಂಡೇ ಹೋಗಬೇಕು. ಮೂತ್ರಚೀಲ ತುಂಬಿದ್ದರೆ ಮಾತ್ರ ನಾಳದ ಕೆಳತುದಿ ಸರಿಯಾಗಿ ಕಾಣುತ್ತದೆ. ರಿಪೋರ್ಟಿನಲ್ಲಿ ಎಡಗಿಡ್ನಿ ಸ್ವಲ್ಪ ಉಬ್ಬಿತ್ತು. ಮೂತ್ರನಾಳ ಚೀಲವನ್ನು ಸೇರುವ ಹತ್ತಿರ 6 ಮಿಲಿಮೀಟರ್ ಹರಳು ಇತ್ತು. ನಾಳದ ನಡುಭಾಗದ ಹರಳು ಸೋನೋಗ್ರಫಿಗೆ ಎಷ್ಟೋ ಸಲ ಸಿಗುವುದಿಲ್ಲ. ಕಿಡ್ನಿ ಉಬ್ಬಿದ್ದು ಹರಳು ಕಾಣದಿದ್ದರೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

5 ಮಿಲಿಮೀಟರ್ ಒಳಗಿನವು ಹೆಚ್ಚಾಗಿ ತಾವೇ ಬೀಳುತ್ತವೆ. 5ರಿಂದ 10ರ ನಡುವಿನವು ಹೆಚ್ಚುಕಡಿಮೆ ಅರ್ಧದಷ್ಟು. ಕೆಳಗೆ ಇಳಿದಷ್ಟೂ ಬೀಳುವ ಸಾಧ್ಯತೆ ಹೆಚ್ಚು. ಈತನಿಗೆ ಇನ್ನೊಂದು ಕಿಡ್ನಿ ಚೆನ್ನಾಗಿತ್ತು, ಕ್ರಿಯಾಟಿನಿನ್ ಸರಿ ಇತ್ತು. 4 ವಾರ ಕಾಯೋಣ ಎಂದೆ. ರಾತ್ರಿ ಟ್ಯಾಮ್ಸುಲೋಸಿನ್ 0.4 ಮಿಲಿಗ್ರಾಂ ಬರೆದೆ. ಅದು ನಾಳದ ಕೆಳಭಾಗವನ್ನು ಸಡಿಲ ಮಾಡುತ್ತದೆ. ಎದ್ದು ನಿಂತಾಗ ತಲೆ ತಿರುಗಬಹುದು, ಆದ್ದರಿಂದ ಮೊದಲ ಕೆಲವು ದಿನ ಚೀಲ ಹೊರಬೇಡ ಎಂದೆ. ವೀರ್ಯ ಹೊರಗೆ ಬರದಿರಬಹುದು ಎಂದೂ ಮೊದಲೇ ಹೇಳುತ್ತೇನೆ. ಹೇಳದಿದ್ದರೆ ಗಂಡಸರು ಹೆದರಿ, ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ. ಮೂತ್ರವನ್ನು ಚಹಾ ಸೋಸುವ ಜರಡಿಯಲ್ಲಿ ಸೋಸು, ಹರಳು ಸಿಕ್ಕರೆ ತಾ ಎಂದೆ.

ಹೆಂಡತಿಗೆ ಬೇರೆಯಾಗಿ ಒಂದು ಮಾತು ಹೇಳಿದೆ. ಚಳಿ ನಡುಕದ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಮ್ಮ, ಅದೇ ಹೊತ್ತಿಗೆ ಹುಬ್ಬಳ್ಳಿಗೆ ಹೊರಡಿ. ಹರಳಿನ ಮೇಲೆ ಕೂಡಿಕೊಂಡ ಮೂತ್ರಕ್ಕೆ ಸೋಂಕು ತಗುಲಿದರೆ ವಿಷ ರಕ್ತಕ್ಕೆ ಏರುತ್ತದೆ. ಆಗ ಆಂಟಿಬಯೋಟಿಕ್ ಒಂದೇ ಸಾಲದು. ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಯೋ ಬೆನ್ನಿನಿಂದ ನಳಿಗೆ ಇಟ್ಟೋ ಆ ಮೂತ್ರವನ್ನು ಹೊರಗೆ ತೆಗೆಯಬೇಕು. ಮೂತ್ರ ಪೂರ್ತಿ ನಿಂತರೂ, ವಾಂತಿ ನಿಲ್ಲದಿದ್ದರೂ ಹೊರಡಬೇಕು. ಒಂದೇ ಕಿಡ್ನಿ ಇರುವವರಾದರೆ ನಾನು ಮನೆಗೆ ಕಳಿಸುವುದೇ ಇಲ್ಲ.

ಕೆಲವು ದಿನ ಬಿಟ್ಟು ಆತ ಫೋನ್ ಮಾಡಿದ. ಹತ್ತು ನಿಮಿಷಕ್ಕೊಮ್ಮೆ ಮೂತ್ರದ ಅವಸರ, ಹೋದರೆ ನಾಲ್ಕೇ ಹನಿ, ತುದಿಯಲ್ಲಿ ಉರಿ. ಹರಳು ಮೂತ್ರಚೀಲದ ಗೋಡೆಯೊಳಗೆ ಬಂದಾಗ ಹೀಗಾಗುತ್ತದೆ. ಸೋಂಕಿಗೂ ಹೀಗೇ ಆಗುವುದರಿಂದ ಮೂತ್ರ ಮತ್ತೆ ಪರೀಕ್ಷೆ ಮಾಡಿಸಿದೆ. ಸೋಂಕು ಇರಲಿಲ್ಲ. ಅದಾದ ಮೇಲೆ ಉರಿಯೂ ಹೋಯಿತು, ನೋವೂ ಹೋಯಿತು. ಆತ ಖುಷಿಯಿಂದ ಯಾರ್ಡಿಗೆ ವಾಪಸ್ ಹೋದ. ಆದರೆ ಜರಡಿಯಲ್ಲಿ ಏನೂ ಸಿಕ್ಕಿರಲಿಲ್ಲ.

ಇಲ್ಲೇ ನಾನು ಬೆನ್ನು ಹತ್ತುತ್ತೇನೆ. ಕಿಡ್ನಿ ದಿಢೀರನೆ ಉಬ್ಬಿದಾಗ ನೋವು ಬರುತ್ತದೆ. ಸ್ವಲ್ಪ ದಿನಕ್ಕೆ ಒಳಗಿನ ಒತ್ತಡ ಇಳಿಯುತ್ತದೆ, ಹರಳು ಅಲ್ಲೇ ಕೂತಿದ್ದರೂ ನೋವು ನಿಲ್ಲುತ್ತದೆ. ಹೀಗೆ ಸದ್ದಿಲ್ಲದೆ ತಿಂಗಳುಗಟ್ಟಲೆ ಅಡ್ಡ ಕೂತರೆ ಆ ಕಿಡ್ನಿ ಕೆಲಸ ಮಾಡುವುದನ್ನೇ ಬಿಡಬಹುದು. ಎರಡನೇ ಸೋನೋಗ್ರಫಿ ಮಾಡಿಸಿದೆ. ಹರಳು ಇತ್ತು, ಕಿಡ್ನಿಯ ಉಬ್ಬೂ ಇಳಿದಿರಲಿಲ್ಲ. "ಬ್ಯಾನಿನ ಇಲ್ಲಂದ ಮ್ಯಾಲೆ ಆಪರೇಷನ್ ಯಾಕ್ರಿ?" ಎಂದು ಆತ ವಾದ ಮಾಡಿದ. ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಒಪ್ಪಿದ.

ಹುಬ್ಬಳ್ಳಿಯಲ್ಲಿ ಕೊಯ್ಯದೆಯೇ, ಮೂತ್ರದ ದಾರಿಯಿಂದ ಸಣ್ಣ ದುರ್ಬೀನು ಒಯ್ದು ಲೇಸರ್‌ನಿಂದ ಹರಳು ಒಡೆದರು. ನಾಳದೊಳಗೆ ಸ್ಟೆಂಟ್ ಬಿಟ್ಟರು. ಸ್ಟೆಂಟ್ ಇರುವಷ್ಟು ದಿನ ಆಗಾಗ ಮೂತ್ರ ಕೆಂಪಗೆ ಬರುತ್ತದೆ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಎಳೆದಂತಾಗುತ್ತದೆ. ಆಪರೇಷನ್ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಆದರೆ ಅದನ್ನು ಹೇಳಿದ ತಾರೀಖಿಗೆ ತೆಗೆಸಲೇಬೇಕು. ಮರೆತು ಬಿಟ್ಟರೆ ಸ್ಟೆಂಟಿನ ಮೇಲೆಯೇ ಹರಳು ಬೆಳೆಯುತ್ತದೆ. ಆ ತಾರೀಖನ್ನು ಆತನ ಹೆಂಡತಿಯ ಫೋನಿನಲ್ಲಿ ನಾನೇ ಹಾಕಿಕೊಟ್ಟೆ.

ಹರಳಿನ ಚೂರು ಪರೀಕ್ಷೆಗೆ ಹೋಗಿ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಬಂತು. ಆತ ಬಾಳೆದಿಂಡಿನ ರಸ ಕುಡಿಯುತ್ತಿದ್ದ. ಕುಡಿಯಲಿ, ಆದರೆ ಈ ಜಾತಿಯ ಹರಳು ಅದರಿಂದ ಕರಗುವುದಿಲ್ಲ. ಹಾಲು, ಮೊಸರು ಬಿಟ್ಟಿದ್ದ. ಮತ್ತೆ ಶುರು ಮಾಡಿಸಿದೆ. ಊಟದ ಜೊತೆಗಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುತ್ತದೆ, ಬಿಟ್ಟರೇ ಕೆಟ್ಟದು. ಉಪ್ಪಿನಕಾಯಿ ಕಡಿಮೆ ಮಾಡು, ಲಿಂಬು ನೀರನ್ನು ಉಪ್ಪಿಲ್ಲದೆ ಕುಡಿ ಎಂದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಎರಡೂವರೆ ಲೀಟರ್ ನೀರು ಕುಡಿದರೆ ಸಾಲದು, ಏಕೆಂದರೆ ಹಮಾಲಿ ಕೆಲಸದಲ್ಲಿ ಅದರ ಬಹುಪಾಲು ಬೆವರಿಗೇ ಹೋಗುತ್ತದೆ. ಲೀಟರ್ ಅಳೆಯುವುದು ಯಾರ್ಡಿನಲ್ಲಿ ಆಗದ ಮಾತು, ಅಲ್ವಾ? ಮಧ್ಯಾಹ್ನ ಮೂತ್ರ ಗಾಢ ಹಳದಿ ಇದ್ದರೆ ಸಂಜೆಯೊಳಗೆ ಇನ್ನೆರಡು ಬಾಟಲಿ ಖಾಲಿ ಮಾಡು ಎಂದು ಹೇಳಿ ಕಳಿಸಿದೆ.