ಪರಸೋಂ ಅಂದರೆ ಮೊನ್ನೆಯಾ, ನಾಡಿದ್ದಾ?

ಅಣ್ಣ ಇರುವುದು ಭೋಪಾಲದಲ್ಲಿ. ಅತ್ತಿಗೆ ಅಲ್ಲಿಯವರೇ. ಅವರ ತಂದೆಯನ್ನು ನಾವೆಲ್ಲ ಬಾಬೂಜಿ ಅಂತ ಕರೆಯುತ್ತೇವೆ. ಹಿಂದಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ನನ್ನ ಅಪ್ಪ ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಬೀಗರ ಮಧ್ಯೆ ಪ್ರೀತಿ ಬೇಕಾದಷ್ಟಿದೆ, ಮಾತಾಡಲು ಒಂದು ಭಾಷೆ ಇಲ್ಲ. ಹಾಗಾಗಿ ಬಾಬೂಜಿಗೆ ಏನಾದರೂ ತಿಳಿಸಬೇಕಿದ್ದರೆ ಬೆಂಗಳೂರಿನಲ್ಲಿರುವ ನನಗೆ ಫೋನ್ ಮಾಡುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಬರೆದು ಅಮ್ಮನ ವಾಟ್ಸಾಪಿಗೆ ಕಳಿಸುತ್ತೇನೆ. ಅಪ್ಪನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಬರೆದದ್ದಾದರೆ ಅಮ್ಮ ಎರಡು ಸಲ ಓದಿ ಹೇಳಬಹುದು, ಚಿಕ್ಕಪ್ಪನಿಗೂ ಕಳಿಸಬಹುದು.

ಈ ಕೆಲಸದಲ್ಲಿ ನಾನು ಒಮ್ಮೆ ಎಡವಿದ್ದೆ. ಬಾಬೂಜಿ ನಮ್ಮ ಮನೆಗೆ ಒಂದು ಪಾರ್ಸೆಲ್ ಕಳಿಸಿದ್ದರು. ನಾನು ಚೀಟಿಯಲ್ಲಿ ‘ಪಾರ್ಸೆಲ್, ಪರಸೋಂ’ ಅಂತ ಗುರುತು ಹಾಕಿಕೊಂಡಿದ್ದೆ. ಮರುದಿನ ಆ ಚೀಟಿ ನೋಡಿ, ಅವರು ನಾಳೆ ಕಳಿಸುತ್ತಾರೆ ಅಂತ ಅಮ್ಮನಿಗೆ ಬರೆದೆ. ಪಾರ್ಸೆಲ್ ಅಷ್ಟರಲ್ಲಾಗಲೇ ಹೊರಟು ಮೂರು ದಿನವಾಗಿತ್ತು. ಅದು ಬಂದಾಗ ಅಪ್ಪ ಅಮ್ಮ ಮದುವೆಗೆ ಹೋಗಿದ್ದರು, ಬೀಗ ಹಾಕಿದ ಮನೆ ನೋಡಿ ವಾಪಸ್ ಹೋಯಿತು.

ಹಿಂದಿಯಲ್ಲಿ ‘ಕಲ್’ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ‘ಪರಸೋಂ’ ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಮಾತಿನಲ್ಲಿ ಇದರಿಂದ ಯಾರಿಗೂ ಕಷ್ಟವಿಲ್ಲ, ಯಾಕೆಂದರೆ ಕ್ರಿಯಾಪದ ಕೇಳಿದ ಕೂಡಲೇ ಹಿಂದೋ ಮುಂದೋ ಗೊತ್ತಾಗುತ್ತದೆ. ‘ಪರಸೋಂ ಭೇಜಾ’ ಅಂದರೆ ಮೊನ್ನೆ ಕಳಿಸಿದೆ. ‘ಪರಸೋಂ ಭೇಜೂಂಗಾ’ ಅಂದರೆ ನಾಡಿದ್ದು ಕಳಿಸುತ್ತೇನೆ. ಆದರೆ ಗಡಿಬಿಡಿಯಲ್ಲಿ ಚೀಟಿ ಬರೆಯುವಾಗ ನಾವು ಮೊದಲು ಬಿಡುವುದು ಕ್ರಿಯಾಪದವನ್ನೇ.

2024ರ ನವೆಂಬರ್ 12, ಮಂಗಳವಾರ ರಾತ್ರಿ ಎಂಟು ಗಂಟೆಗೆ ಬಾಬೂಜಿ ಫೋನ್ ಮಾಡಿದರು. ಅಣ್ಣ ಬಿದ್ದು ಕೈ ಮುರಿದುಕೊಂಡಿದ್ದ. ನೋವಿನ ದನಿ ಕೇಳಿದರೆ ಅಮ್ಮ ಹೆದರುತ್ತಾಳೆ ಅಂತ ಅವನೇ ಬಾಬೂಜಿಯಿಂದ ನನಗೆ ಫೋನ್ ಮಾಡಿಸಿದ್ದ. ಹತ್ತು ನಿಮಿಷದ ಮಾತು ಮುಗಿದಾಗ ನನ್ನ ಚೀಟಿಯಲ್ಲಿ ಇದ್ದದ್ದು ಇಷ್ಟು:

ಗಾಡಿಯಿಂದ ಬಿದ್ದ, ಪರಸೋಂ, ಸಾಢೇ ಪಾಂಚ್
ಎಡ ಕಲಾಯಿ
ಭಾಂಜಾ ಲೇ ಗಯಾ
ಕಚ್ಚಾ ಪ್ಲಾಸ್ಟರ್
ದರ್ದ್ ಮೇಂ ಆರಾಮ್
ಪರಸೋಂ ಎಕ್ಸ್‌ರೇ, ಪೌನೇ ಗ್ಯಾರಹ್
ಡಾಕ್ಟರ್ ಅನುಮಾನ್, ಆರು ವಾರ
ಬೆರಳು ಸುನ್ನ್ ಆದರೆ ತಕ್ಷಣ

ಮತ್ತೆ ಅದೇ ಪರಸೋಂ, ಅದೂ ಎರಡು ಸಲ. ಒಂದು ಮೊನ್ನೆ, ಇನ್ನೊಂದು ನಾಡಿದ್ದು. ಆ ಕ್ಷಣದಲ್ಲಿ ನನಗೆ ನೆನಪಿತ್ತು, ಬೆಳಿಗ್ಗೆಗೆ ಇರುತ್ತಿರಲಿಲ್ಲ. ಪಾರ್ಸೆಲ್ ನೆನಪಾಗಿ, ಫೋನ್ ಇಟ್ಟ ತಕ್ಷಣ ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡು ಎರಡಕ್ಕೂ ವಾರ, ತಾರೀಕು ಬರೆದೆ. ಮೊದಲನೆಯದು ಭಾನುವಾರ 10, ಎರಡನೆಯದು ಗುರುವಾರ 14. ಕನ್ನಡದಲ್ಲಿ ಮೊನ್ನೆ, ನಾಡಿದ್ದು ಅಂತ ಬೇರೆ ಬೇರೆ ಪದ ಇವೆಯಲ್ಲ, ಅದನ್ನೇ ಬರೆದರೆ ಸಾಲದಾ ಅಂತ ಅನ್ನಿಸಬಹುದು. ಸಾಲದು. ಚಿಕ್ಕಪ್ಪ ಅದನ್ನು ಎರಡು ದಿನ ಬಿಟ್ಟು ಓದಿದರೆ ಅವರ ನಾಡಿದ್ದು ಬೇರೆಯೇ ಆಗಿರುತ್ತದೆ.

‘ಪೌನೇ ಗ್ಯಾರಹ್’ ಅನ್ನುವಾಗ ಕಿವಿಗೆ ಬೀಳುವುದು ಹನ್ನೊಂದು, ಗಡಿಯಾರದಲ್ಲಿ ಆಗಿರುವುದು 10:45. ನಾವು ಹತ್ತರ ಮೇಲೆ ಮುಕ್ಕಾಲು ಸೇರಿಸಿ ಹತ್ತೂ ಮುಕ್ಕಾಲು ಅನ್ನುತ್ತೇವೆ. ಅವರು ಹನ್ನೊಂದಕ್ಕೆ ಕಾಲು ಕಡಿಮೆ ಅನ್ನುತ್ತಾರೆ. ಅದನ್ನೂ ಅಂಕಿಯಲ್ಲಿ ತಿದ್ದಿದೆ.

ಇಷ್ಟರ ತನಕ ಸುಲಭ. ನನಗೆ ಹೆಚ್ಚು ಭಯ ಇರುವುದು ಗೊತ್ತಿಲ್ಲದ ಹಿಂದಿ ಪದಗಳ ಬಗ್ಗೆ ಅಲ್ಲ. ಗೊತ್ತಿಲ್ಲದಿದ್ದರೆ ಕೇಳುತ್ತೇನೆ. ನಮ್ಮಲ್ಲೂ ಇರುವ ಪದಗಳೇ ಮೋಸ ಮಾಡುವುದು, ಏಕೆಂದರೆ ಅವು ಕೈಯಿಂದ ಹಾಗೇ ಕನ್ನಡಕ್ಕೆ ಜಾರಿಬಿಡುತ್ತವೆ.

‘ಅನುಮಾನ್’ ನೋಡಿ. ಬಾಬೂಜಿ ಮೇಷ್ಟ್ರ ಹಿಂದಿಯವರು. ಬೇರೆಯವರು ಮಾತಿನಲ್ಲಿ ಅಂದಾಜಾ ಅನ್ನುವ ಕಡೆ ಅವರು ಅನುಮಾನ್ ಅನ್ನುತ್ತಾರೆ. ವಾಸಿಯಾಗಲು ಆರು ವಾರ ಹಿಡಿಯಬಹುದು ಅಂತ ಡಾಕ್ಟರ ಅಂದಾಜು, ಅಷ್ಟೇ ಅದರ ಅರ್ಥ. ನನ್ನ ಮೊದಲ ಬರಹದಲ್ಲಿ ‘ಆರು ವಾರದ ಬಗ್ಗೆ ಡಾಕ್ಟರಿಗೆ ಅನುಮಾನ ಇದೆ’ ಅಂತ ಬಂದುಬಿಟ್ಟಿತ್ತು. ಇದನ್ನು ಅಮ್ಮ ಓದಿದ್ದರೆ ಆರು ವಾರಕ್ಕೂ ಕೈ ಸರಿಹೋಗುವುದಿಲ್ಲವೇನೋ ಅಂತ ರಾತ್ರಿಯಿಡೀ ನಿದ್ದೆ ಬಿಡುತ್ತಿದ್ದಳು.

‘ಆರಾಮ್’ ಕೂಡ ಹಾಗೇ. ‘ದರ್ದ್ ಮೇಂ ಆರಾಮ್ ಹೈ’ ಅಂದರೆ ನೋವು ಮೊದಲಿಗಿಂತ ಕಡಿಮೆಯಾಗಿದೆ. ನೋವು ಇನ್ನೂ ಇದೆ. ‘ಆರಾಮಾಗಿದ್ದಾನೆ’ ಅಂತ ಕನ್ನಡದಲ್ಲಿ ಬರೆದರೆ ನೋವೇ ಇಲ್ಲ ಅಂದ ಹಾಗಾಗುತ್ತದೆ. ಮರುದಿನ ಅಣ್ಣನ ದನಿ ಕೇಳಿದಾಗ ಅಮ್ಮನಿಗೆ ನಿಜ ಗೊತ್ತಾಗುತ್ತದೆ. ಆಮೇಲೆ ನಾನು ಬರೆದ ಬೇರೆ ಸಾಲುಗಳನ್ನೂ ಅವಳು ನಂಬುವುದಿಲ್ಲ.

ಭಾಂಜಾ ಅಂದರೆ ಅಕ್ಕನ ಅಥವಾ ತಂಗಿಯ ಮಗ. ಗಂಡಸಿಗೆ ಅವನು ಕನ್ನಡದಲ್ಲಿ ಅಳಿಯ. ಆದರೆ ಮಗಳ ಗಂಡನೂ ಅಳಿಯನೇ! ‘ಬಾಬೂಜಿಯ ಅಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದ’ ಅಂತ ಬರೆದರೆ, ಬಾಬೂಜಿಯ ಅಳಿಯ ನಮ್ಮ ಅಣ್ಣನೇ ಅಲ್ವಾ? ಹಾಗಾದರೆ ಪೆಟ್ಟಾದದ್ದು ಯಾರಿಗೆ? ಇಂಥ ಕಡೆ ಸಂಬಂಧದ ಹೆಸರನ್ನು ಬಿಟ್ಟು ‘ತಂಗಿಯ ಮಗ’ ಅಂತ ಬಿಡಿಸಿ ಬರೆಯುವುದೇ ಸರಿ.

ಕನ್ನಡದಲ್ಲಿ ನನಗೆ ತುಂಬ ಸಹಾಯ ಮಾಡುವ ಒಂದು ಚಿಕ್ಕ ಪ್ರತ್ಯಯ ಇದೆ: ‘ಅಂತೆ’. ಬಾಬೂಜಿ ಸಂಜೆ ಹೋಗಿ ಕಣ್ಣಾರೆ ನೋಡಿದ್ದು ಕೆಲವು. ಡಾಕ್ಟರ್ ಅತ್ತಿಗೆಗೆ ಹೇಳಿ, ಅತ್ತಿಗೆ ಬಾಬೂಜಿಗೆ ಹೇಳಿದ್ದು ಕೆಲವು. ಚೀಟಿಯಲ್ಲಿ ಎರಡನೆಯ ಬಗೆಯ ಸಾಲುಗಳ ಪಕ್ಕ ಒಂದು ಚುಕ್ಕೆ ಇಡುತ್ತೇನೆ. ಬರೆಯುವಾಗ ಚುಕ್ಕೆ ಇರುವುದಕ್ಕೆ ‘ಅಂತೆ’ ಸೇರಿಸುತ್ತೇನೆ, ಇಲ್ಲದ್ದಕ್ಕೆ ಸೇರಿಸುವುದಿಲ್ಲ. ಯಾವುದು ಕಂಡದ್ದು, ಯಾವುದು ಕೇಳಿದ್ದು ಅಂತ ಅಮ್ಮನಿಗೆ ಬೇರೆ ವಿವರಣೆ ಇಲ್ಲದೆ ತಿಳಿಯುತ್ತದೆ.

ಕಳಿಸುವ ಮೊದಲು ಬಾಬೂಜಿಗೆ ಮತ್ತೆ ಫೋನ್ ಮಾಡಿದೆ. ಎಲ್ಲವನ್ನೂ ಪುನಃ ಕೇಳಲಿಲ್ಲ. ನಾನು ಅರ್ಥ ಮಾಡಿಕೊಂಡದ್ದನ್ನು ಹಿಂದಿಯಲ್ಲೇ ಓದಿ ಹೇಳಿದೆ. ‘ಭಾನುವಾರ ಬಿದ್ದದ್ದು, ಗುರುವಾರ ಎಕ್ಸ್‌ರೇ, ಹೌದಾ ಬಾಬೂಜಿ?’ ಹೌದು ಅಂದರು. ಗಾಡಿ ಅಂದರೆ ಕಾರಾ, ಬೈಕಾ ಅಂತ ಕೇಳಿದೆ. ಸ್ಕೂಟರ್ ಅಂದರು. ಕಚ್ಚಾ ಪ್ಲಾಸ್ಟರ್ ಅಂದರೆ ಕೈಯ ಸುತ್ತಳತೆಯ ಅರ್ಧಕ್ಕೆ ಮಾತ್ರ ಗಟ್ಟಿ ಪಟ್ಟಿ ಇಟ್ಟು, ಮೇಲೆ ಬಟ್ಟೆ ಸುತ್ತಿದ್ದು. ಪೆಟ್ಟಾದ ಹೊಸತರಲ್ಲಿ ಕೈ ಊದಿಕೊಳ್ಳುತ್ತದೆ. ಊದಲು ಜಾಗ ಇರಲಿ ಅಂತ ಮೊದಲು ಹೀಗೆ ಹಾಕಿ, ಊತ ಇಳಿದ ಮೇಲೆ ಪೂರ್ತಿ ಸುತ್ತುವ ಪಕ್ಕಾ ಪ್ಲಾಸ್ಟರ್ ಹಾಕುತ್ತಾರೆ. ಹಾಗಾದರೆ ಮಧ್ಯೆ ಮತ್ತೆ ಎಕ್ಸ್‌ರೇ ಯಾಕೆ ಅಂತ ಸುಮ್ನೆ ಕೇಳಿದೆ. ‘ಕೂರಿಸಿದ ಮೂಳೆ ಜರುಗಿದ್ದರೆ ಆಪರೇಷನ್ ಮಾಡಬೇಕಾಗಬಹುದು ಬೇಟಾ’ ಅಂದರು. ಮೊದಲ ಫೋನಿನಲ್ಲಿ ಈ ಮಾತೇ ಬಂದಿರಲಿಲ್ಲ. ಚೀಟಿಯನ್ನು ಎಷ್ಟು ಚೆನ್ನಾಗಿ ಅನುವಾದ ಮಾಡಿದ್ದರೂ ಇದು ಸಿಗುತ್ತಿರಲಿಲ್ಲ.

ಅವರು ಕೊನೆಗೆ ಹೇಳಿದ್ದು, ‘ಸಮಧನ್‌ಜೀ ಚಿಂತೆ ಮಾಡಬಾರದು ಅಂತ ಹೇಳು.’ ಬೀಗಿತ್ತಿಯ ಬಗ್ಗೆ ಅವರಿಗಿರುವ ಕಾಳಜಿ ಅದು. ಆದರೆ ಅದನ್ನು ನಾನು ಮೊದಲ ಸಾಲಿನಲ್ಲಿ ಇಡಲಿಲ್ಲ. ‘ಗಾಬರಿಯಾಗಬೇಡ’ ಅಂತ ಶುರುವಾಗುವ ಮೆಸೇಜ್ ನೋಡಿದರೆ ಯಾವ ತಾಯಿಗೂ ಮೊದಲು ಗಾಬರಿಯೇ ಆಗುವುದು. ಏನಾಗಿದೆ, ಎಲ್ಲಿದ್ದಾನೆ, ಇವೆರಡು ಮೊದಲು ಬರಬೇಕು. ಕೊನೆಗೆ ಕಳಿಸಿದ್ದು ಇದು:

“ಅಮ್ಮ, ಅಣ್ಣನ ಎಡಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಬೇರೆಲ್ಲೂ ಪೆಟ್ಟಾಗಿಲ್ಲ. ಆಸ್ಪತ್ರೆಯಲ್ಲಿಲ್ಲ, ಮನೆಯಲ್ಲೇ ಇದ್ದಾನೆ.

ಭಾನುವಾರ (ನವೆಂಬರ್ 10) ಸಂಜೆ ಐದೂವರೆಗೆ ಸ್ಕೂಟರಿನಿಂದ ಬಿದ್ದನಂತೆ. ಬಾಬೂಜಿಯ ತಂಗಿಯ ಮಗ ಜೊತೆಗಿದ್ದು ಆಸ್ಪತ್ರೆಗೆ ಕರೆದುಕೊಂಡು ಹೋದನಂತೆ.

ಈಗ ಅರ್ಧ ಪ್ಲಾಸ್ಟರ್ ಹಾಕಿದ್ದಾರೆ. ಊತ ಇಳಿದ ಮೇಲೆ ಪೂರ್ತಿ ಹಾಕುತ್ತಾರಂತೆ. ನೋವು ಇದೆ, ಮೊದಲಿಗಿಂತ ಕಡಿಮೆ. ಬಾಬೂಜಿ ಇವತ್ತು ಸಂಜೆ ಅವನನ್ನು ನೋಡಿಯೇ ನನಗೆ ಫೋನ್ ಮಾಡಿದ್ದು.

ಗುರುವಾರ (14ನೇ ತಾರೀಕು) ಬೆಳಿಗ್ಗೆ 10:45ಕ್ಕೆ ಮತ್ತೆ ಎಕ್ಸ್‌ರೇ. ಮೂಳೆ ಜರುಗದೆ ಇದ್ದರೆ ಹೀಗೇ ಆರು ವಾರದಲ್ಲಿ ಕೂಡಿಕೊಳ್ಳುತ್ತದೆ ಅಂತ ಡಾಕ್ಟರ ಅಂದಾಜಂತೆ. ಜರುಗಿದ್ದರೆ ಆಪರೇಷನ್ ಬೇಕಾಗಬಹುದಂತೆ. ಬೆರಳು ಮುಟ್ಟಿದರೆ ಗೊತ್ತಾಗದ ಹಾಗೆ ಆದರೆ ಕೂಡಲೇ ಆಸ್ಪತ್ರೆಗೆ ಬರಬೇಕಂತೆ. ಇದು ಅತ್ತಿಗೆಗೆ ಗೊತ್ತಿದೆ.

ಅಣ್ಣ ನಾಳೆ ಬೆಳಿಗ್ಗೆ ಎಂಟಕ್ಕೆ ನಿನಗೆ ಫೋನ್ ಮಾಡುತ್ತಾನೆ. ನೀನು ಚಿಂತೆ ಮಾಡಬಾರದು ಅಂತ ಬಾಬೂಜಿ ಹೇಳಿದ್ದಾರೆ. ಈಗಲೇ ಹೊರಡುವುದು ಬೇಡ ಅಂತ ನನಗೆ ಅನ್ನಿಸುತ್ತದೆ. ಇದು ನನ್ನ ಮಾತು, ಅವರದ್ದಲ್ಲ. ಗುರುವಾರ ಮಧ್ಯಾಹ್ನ ಬರೆಯುತ್ತೇನೆ, ಆಗ ತೀರ್ಮಾನ ಮಾಡೋಣ.”

ಕೊನೆಯ ಭಾಗದಲ್ಲಿ ನನ್ನ ಅಭಿಪ್ರಾಯ ಬೇರೆ ಮಾಡಿ ಹೇಳಿದ್ದಕ್ಕೆ ಕಾರಣ ಇದೆ. ಬೆಂಗಳೂರಿನಿಂದ ಭೋಪಾಲಕ್ಕೆ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಬೇಕು, ಅದಕ್ಕೂ ಮೊದಲು ಸಾಗರದಿಂದ ಒಂದು ರಾತ್ರಿಯ ಪ್ರಯಾಣ. ಆದರೂ ಹೋಗಬೇಕೋ ಬೇಡವೋ ಅನ್ನುವುದು ಅಮ್ಮನ ತೀರ್ಮಾನ. ನನ್ನ ಮಾತನ್ನು ಬಾಬೂಜಿಯ ಬಾಯಲ್ಲಿ ಹೇಳಿಸಿ ಅವಳನ್ನು ತಡೆಯಲು ನನಗೆ ಹಕ್ಕಿಲ್ಲ.

ಹತ್ತು ನಿಮಿಷದಲ್ಲಿ ಅಮ್ಮನ ಉತ್ತರ ಬಂತು. ‘ಓದಿದೆ. ಅಪ್ಪನಿಗೂ ಹೇಳಿದೆ. ಗುರುವಾರದ ತನಕ ಕಾಯ್ತೀವಿ. ಅವನ ಎಡಗೈಲಿ ಉಂಗುರ ಇತ್ತಲ್ಲ, ಊತ ಬರೋ ಮೊದಲೇ ತೆಗೆದರಾ ಕೇಳು.’

ಊದಿದ ಬೆರಳಿನಲ್ಲಿ ಉಂಗುರ ಉಳಿದರೆ ರಕ್ತದ ಓಡಾಟಕ್ಕೇ ತೊಂದರೆ. ಎರಡು ಸಲ ಫೋನ್ ಮಾಡಿದರೂ ಇದು ನನಗೆ ಹೊಳೆದಿರಲಿಲ್ಲ. ಮೂರನೇ ಸಲ ಬಾಬೂಜಿಗೆ ಫೋನ್ ಮಾಡಿದೆ. ಅವರು ಅತ್ತಿಗೆಯನ್ನು ಕೇಳಿ ಹೇಳಿದರು. ಅಮ್ಮನಿಗೆ ಬರೆದೆ: ‘ಭಾನುವಾರ ರಾತ್ರಿಯೇ ಆಸ್ಪತ್ರೆಯಲ್ಲಿ ತೆಗೆದರಂತೆ. ಅತ್ತಿಗೆ ಹತ್ತಿರ ಇದೆಯಂತೆ.’