ಆಂಪಿಸಿಲಿನ್ ಹಾಕಿದೆ, ಒಂದೂ ಸಾಯಲಿಲ್ಲ

ಬ್ಯಾಕ್ಟೀರಿಯಾ ಒಡೆದು ಸಾಯುವುದನ್ನು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಬೇಕು ಎಂದುಕೊಂಡಿದ್ದೆ. ಹಿಂದಿನ ರಾತ್ರಿ ಈ. ಕೋಲೈ ಬೆಳೆಸಿಟ್ಟೆ. ರೋಗ ತರದ, ಚೆನ್ನಾಗಿ ಈಜುವ ಕೆ-12 ತಳಿ ಅದು. ಬೆಳಗ್ಗೆ 10 ಮಿ.ಲೀ. ದ್ರಾವಣಕ್ಕೆ 10 ಮೈಕ್ರೋಲೀಟರ್ ಆಂಪಿಸಿಲಿನ್ ಎಂಬ ಆಂಟಿಬಯಾಟಿಕ್ ಹಾಕಿದೆ. ಮೂಲ ದ್ರಾವಣ ಮಿ.ಲೀ.ಗೆ 100 ಮಿ.ಗ್ರಾಂ ಇದ್ದುದರಿಂದ ಕೊಳವೆಯಲ್ಲಿ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಯಿತು. ಈ ತಳಿಯನ್ನು ಮುಗಿಸಲು ಅದು ಬೇಕಾದ್ದಕ್ಕಿಂತ ಬಹಳ ಹೆಚ್ಚು. ಎರಡು ಗಂಟೆ ಕಾದೆ. ಕೊಳವೆ ಮೊದಲಿನಷ್ಟೇ ಮಬ್ಬಾಗಿತ್ತು, ಸೂಕ್ಷ್ಮದರ್ಶಕದಲ್ಲಿ ಕಡ್ಡಿಯಾಕಾರದ ಕೋಶಗಳು ಕಡ್ಡಿಗಳಾಗಿಯೇ ಇದ್ದವು. ಔಷಧಿ ಹಳತಾಗಿರಬೇಕು ಎಂದು ಹೊಸದು ಕಲಸಿದೆ. ಆಗಲೂ ಅಷ್ಟೇ.

ತಪ್ಪು ನನ್ನದೇ. ರಾತ್ರಿಯಿಡೀ ಬೆಳೆದ ಕೋಶಗಳು ಬೆಳಗಿನ ಹೊತ್ತಿಗೆ ಆಹಾರ ಮುಗಿಸಿ ಸುಮ್ಮನಾಗಿರುತ್ತವೆ. ಅವು ದೊಡ್ಡದಾಗುವುದಿಲ್ಲ, ಗೋಡೆ ಕಟ್ಟುವುದೂ ಹೆಚ್ಚುಕಡಿಮೆ ನಿಂತಿರುತ್ತದೆ. ಗೋಡೆ ಕಟ್ಟುವ ಕೆಲಸವನ್ನು ತಡೆಯುವ ಔಷಧಿಗೆ ಅಲ್ಲಿ ತಡೆಯಲು ಏನಿದೆ?

ಮರುದಿನ ಹಾಗೆಯೇ ರಾತ್ರಿ ಬೆಳೆಸಿದ, ಔಷಧಿ ಹಾಕದ ದ್ರಾವಣವನ್ನು ನೂರು ಪಟ್ಟು ತೆಳುಮಾಡಿ ಹೊಸ ಆಹಾರವಿರುವ ಎಲ್‌ಬಿ ಮಾಧ್ಯಮಕ್ಕೆ ಹಾಕಿ, 37 ಡಿಗ್ರಿಯಲ್ಲಿ ಅಲ್ಲಾಡಿಸುತ್ತಾ ಬೆಳೆಸಿದೆ. ಸುಮಾರು ಒಂದೂವರೆ ಗಂಟೆಗೆ ದ್ರಾವಣದ ಮಬ್ಬನ್ನು ಅಳೆಯುವ ಓ.ಡಿ. 0.3ಕ್ಕೆ ಬಂತು. ಅಂದರೆ ಕೋಶಗಳು ಇಪ್ಪತ್ತೈದು ನಿಮಿಷಕ್ಕೊಮ್ಮೆ ಇಬ್ಬಾಗವಾಗುತ್ತಾ ಭರದಿಂದ ಬೆಳೆಯುತ್ತಿರುವ ಹೊತ್ತು. ಆಗ ಅಷ್ಟೇ ಪ್ರಮಾಣದ ಔಷಧಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಓ.ಡಿ. ಇಳಿಯುವ ಬದಲು 0.45ಕ್ಕೆ ಏರಿತು. ಇಲ್ಲಿ ಹೊಸಬರು ಗಾಬರಿಯಾಗುತ್ತಾರೆ, ಆಗಬೇಕಿಲ್ಲ. ಒಳಗಿನ ಸರಕೆಲ್ಲ ಬೆಳೆಯುತ್ತಲೇ ಇರುತ್ತದೆ, ಗೋಡೆ ಇನ್ನೂ ಹರಿದಿರುವುದಿಲ್ಲ. ಆಮೇಲೆ ಮಬ್ಬು ಕರಗತೊಡಗಿತು. ಒಂದು ಗಂಟೆಯ ಹೊತ್ತಿಗೆ ಓ.ಡಿ. 0.1ರ ಆಸುಪಾಸಿಗೆ ಇಳಿದು ಕೊಳವೆ ತಿಳಿಯಾಯಿತು. ಪಿಪೆಟ್ಟಿನಲ್ಲಿ ಎಳೆದರೆ ದ್ರಾವಣ ಕೊಂಚ ಲೋಳೆ ಲೋಳೆ. ಒಡೆದ ಕೋಶಗಳಿಂದ ಹೊರಬಿದ್ದ ಡಿಎನ್‌ಎ ಅದು.

ನಡುವಿನ ಹೊತ್ತಿನಲ್ಲಿ ಒಂದು ಹನಿ ತೆಗೆದು ಗಾಜಿನ ಮೇಲೆ ನೋಡುವುದೇ ಇದರ ಸೊಗಸು. ಕಡ್ಡಿಯ ನಡುಭಾಗದಲ್ಲಿ, ಎರಡಾಗಿ ಸೀಳಬೇಕಾದ ಜಾಗದಲ್ಲಿ, ಗುಳ್ಳೆಯೊಂದು ಉಬ್ಬುತ್ತದೆ. ಹರಿದ ಅಂಗಿಯಿಂದ ಹೊಟ್ಟೆ ಹೊರಬಂದ ಹಾಗೆ. ಗುಳ್ಳೆ ಒಡೆದರೆ ಮಸುಕು ನೆರಳಷ್ಟೇ ಉಳಿಯುತ್ತದೆ.

ಅಲ್ಲಿ ನಡೆಯುವುದು ಇಷ್ಟು. ಈ. ಕೋಲೈಯ ಗೋಡೆ ಎಂದರೆ ಪೆಪ್ಟಿಡೋಗ್ಲೈಕಾನ್‌ನ ತೆಳುವಾದ ಬಲೆ, ಬಹುಪಾಲು ಒಂದೇ ಪದರ. ಉದ್ದಕ್ಕೆ ಸಕ್ಕರೆಯ ಎಳೆಗಳು, ಅಡ್ಡಕ್ಕೆ ಪುಟ್ಟ ಪೆಪ್ಟೈಡ್ ಕೊಂಡಿಗಳು. ಒಳಗಿನ ಲವಣ, ಪ್ರೋಟೀನುಗಳ ಸಾಂದ್ರತೆ ಹೆಚ್ಚಿರುವುದರಿಂದ ನೀರು ಒಳನುಗ್ಗುತ್ತಲೇ ಇರುತ್ತದೆ. ಕೋಶಪೊರೆ ಆ ಒತ್ತಡ ತಡೆಯದು, ಬಲೆಯೇ ತಡೆಯಬೇಕು. ಕೋಶ ಬೆಳೆಯಬೇಕಾದರೆ ಈ ಬಲೆಯನ್ನು ಅಲ್ಲಲ್ಲಿ ಕತ್ತರಿಸಿ ಹೊಸ ಎಳೆ ಸೇರಿಸಬೇಕು. ಹಾಗಾಗಿ ಕತ್ತರಿಸುವ ಕಿಣ್ವಗಳೂ ಹೊಲಿಯುವ ಕಿಣ್ವಗಳೂ ಜೊತೆಜೊತೆಗೆ ದುಡಿಯುತ್ತವೆ. ಹೊಸ ಪೆಪ್ಟೈಡ್ ಬಾಲದ ತುದಿಯಲ್ಲಿ ಡಿ-ಅಲನಿನ್ ಎಂಬ ಅಮೈನೊ ಆಮ್ಲ ಎರಡು ಇರುತ್ತವೆ. ಹೊಲಿಯುವ ಕಿಣ್ವ ಅದನ್ನು ಹಿಡಿದು, ಕೊನೆಯದನ್ನು ಕಳಚಿ, ಉಳಿದದ್ದನ್ನು ಪಕ್ಕದ ಎಳೆಗೆ ಜೋಡಿಸುತ್ತದೆ. ಆಂಪಿಸಿಲಿನ್‌ನ ಬೀಟಾ-ಲ್ಯಾಕ್ಟಮ್ ಉಂಗುರದ ಭಾಗ ಆ ತುದಿಯನ್ನೇ ಹೋಲುತ್ತದೆ. ಕಿಣ್ವ ಮೋಸಹೋಗಿ ಅದನ್ನು ಕಚ್ಚಿಕೊಳ್ಳುತ್ತದೆ, ಆಮೇಲೆ ಬಿಡಿಸಿಕೊಳ್ಳಲಾಗದೆ ಸಿಕ್ಕಿಬೀಳುತ್ತದೆ. ಹೊಲಿಗೆ ನಿಂತಿತು, ಕತ್ತರಿ ನಿಲ್ಲಲಿಲ್ಲ. ಔಷಧಿ ಗೋಡೆಯನ್ನು ಕರಗಿಸುತ್ತದೆ ಎಂದು ಉತ್ತರಪತ್ರಿಕೆಗಳಲ್ಲಿ ಓದಿ ಓದಿ ಸಾಕಾಗಿದೆ. ಗೋಡೆ ಕೆಡವುವುದು ಕೋಶದ ಸ್ವಂತ ಕತ್ತರಿಯೇ.

ಸಾವಿಗೆ ಕಾರಣ ನೀರಿನ ಒತ್ತಡ ಎಂಬುದನ್ನು ಪರೀಕ್ಷಿಸಲು ಇನ್ನೊಂದು ಕೊಳವೆ ಇಟ್ಟೆ. 1956ರಲ್ಲಿ ಜೋಶುವಾ ಲೆಡರ್‌ಬರ್ಗ್ ಪ್ರಕಟಿಸಿದ ಹಳೆಯ ವಿಧಾನದ ಜಾಡಿನದು. ಮಾಧ್ಯಮಕ್ಕೆ ಶೇ. 20ರಷ್ಟು ಸುಕ್ರೋಸ್, ಜೊತೆಗೆ ಪೊರೆ ಗಟ್ಟಿಯಾಗಿರಲೆಂದು ಸ್ವಲ್ಪ ಮೆಗ್ನೀಸಿಯಂ ಸಲ್ಫೇಟ್. ಹೊರಗೂ ಸಾಂದ್ರತೆ ಹೆಚ್ಚಾದ್ದರಿಂದ ನೀರು ನುಗ್ಗುವುದಿಲ್ಲ. ಔಷಧಿ ಬಿದ್ದ ಮೇಲೆ ಇಲ್ಲಿ ಕಡ್ಡಿಗಳು ಒಡೆಯಲಿಲ್ಲ, ಒಂದೊಂದಾಗಿ ದುಂಡು ಚೆಂಡುಗಳಾದವು. ಕಡ್ಡಿಯ ಆಕಾರ ಗೋಡೆಯದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕವರ್‌ಸ್ಲಿಪ್ಪಿನ ಅಂಚಿಗೆ ಒಂದು ಹನಿ ಶುದ್ಧ ನೀರು ಬಿಟ್ಟೆ. ನೀರು ಹರಿದು ಬಂದ ದಾರಿಯಲ್ಲಿ ಚೆಂಡುಗಳು ಒಂದರ ಹಿಂದೊಂದು ಮಾಯವಾದವು.

ಆ ಚೆಂಡುಗಳನ್ನು ನೋಡುವಾಗ ಬೇರೆ ಸಂಗತಿಯೊಂದು ಕಣ್ಣಿಗೆ ಬಿತ್ತು. ಔಷಧಿಯಿಲ್ಲದ ಹನಿಯಲ್ಲಿ ಕಡ್ಡಿಗಳು ಚುರುಕಾಗಿ ಈಜಾಡುತ್ತಿದ್ದವು. ಚೆಂಡುಗಳು ಮಾತ್ರ ನಿಂತಲ್ಲೇ ನಡುಗುತ್ತಿದ್ದವು, ಒಂದೂ ಈಜುತ್ತಿರಲಿಲ್ಲ. ಈಜಲು ಬಳಸುವ ಬಾಲ, ಅಂದರೆ ಕಶಾಂಗ, ಉದುರಿರಬೇಕು ಎಂದುಕೊಂಡಿದ್ದೆ. ಉದುರಬೇಕಿಲ್ಲ. ಕಶಾಂಗದ ಬುಡದಲ್ಲಿ ತಿರುಗುವ ಮೋಟಾರಿಗೆ ತಿರುಗದೆ ನಿಲ್ಲುವ ಭಾಗವೂ ಬೇಕು. ಆ ಭಾಗದ ಪ್ರೋಟೀನು ಪೆಪ್ಟಿಡೋಗ್ಲೈಕಾನ್ ಬಲೆಗೇ ಕಚ್ಚಿಕೊಂಡಿರುತ್ತದೆ. ಗೋಡೆ ಹೋದರೆ ಮೋಟಾರಿಗೆ ಕಾಲೂರಲು ನೆಲವಿಲ್ಲ.

ವಿದ್ಯಾರ್ಥಿಗಳು ಪಿಲಿಗಳ ಬಗ್ಗೆ ಕೇಳಿದರು. ನಮ್ಮ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣ ಎಳೆಗಳವು, ಅಂಟಿಕೊಳ್ಳಲು ಇರುವಂಥವು, ಈ ಪ್ರಯೋಗದಲ್ಲಿ ಅವುಗಳ ಪಾತ್ರವಿಲ್ಲ. ಕೋಶದ ಹೊರಹೊದಿಕೆಯಾದ ಕ್ಯಾಪ್ಸೂಲ್ ವಿಚಾರ ಹಾಗಲ್ಲ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ದಪ್ಪ ಕ್ಯಾಪ್ಸೂಲ್ ಇದೆ, ಅದು ಆಂಪಿಸಿಲಿನ್‌ಗೆ ಬಗ್ಗುವುದೂ ಇಲ್ಲ. ಹಾಗಾಗಿ ಆ ಹೊದಿಕೆಯೇ ಔಷಧಿಯನ್ನು ತಡೆಯುತ್ತದೆ ಎಂದು ಸಲೀಸಾಗಿ ಗಂಟುಹಾಕುತ್ತಾರೆ. ಕಪ್ಪು ಶಾಯಿಯ ಹಿನ್ನೆಲೆಯಲ್ಲಿ ಕೋಶದ ಸುತ್ತ ಬೆಳ್ಳಗೆ ಕಾಣುವ ಆ ಸಕ್ಕರೆಯ ಲೋಳೆ, ನಮ್ಮ ದೇಹದ ಬಿಳಿ ರಕ್ತಕಣಗಳು ನುಂಗದಂತೆ ಕಾಯುತ್ತದೆ. ಆಂಪಿಸಿಲಿನ್‌ನಂಥ ಸಣ್ಣ ಅಣುವಿಗೆ ಅದು ದೊಡ್ಡ ಅಡ್ಡಿಯಲ್ಲ. ಆ ಬ್ಯಾಕ್ಟೀರಿಯಾವನ್ನು ಉಳಿಸುವುದು ಬೀಟಾ-ಲ್ಯಾಕ್ಟಮೇಸ್ ಕಿಣ್ವ. ಔಷಧಿಯ ಉಂಗುರವನ್ನೇ ಸೀಳುವ ಆ ಕಿಣ್ವದ ಜೀನ್ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಯ ಮುಖ್ಯ ವರ್ಣತಂತುವಿನಲ್ಲೇ ಇದೆ.

ಅದೇ ಬಗೆಯ ಕಿಣ್ವವನ್ನು ನಮ್ಮ ಈ. ಕೋಲೈಗೂ ಕೊಟ್ಟು ನೋಡಿದೆ. ಅಂಥ ಕಿಣ್ವದ ಜೀನ್ ಹೊತ್ತ ಪಿಯುಸಿ19 ಎಂಬ ಪ್ಲಾಸ್ಮಿಡ್ 2,686 ಬೇಸ್ ಜೋಡಿಗಳ ಪುಟ್ಟ ಡಿಎನ್‌ಎ ಉಂಗುರ, ಈ. ಕೋಲೈಯ ಸ್ವಂತ ವರ್ಣತಂತು ಸುಮಾರು 46 ಲಕ್ಷ. ಈ ಪ್ಲಾಸ್ಮಿಡ್ ತಾನಾಗಿ ಕೋಶದಿಂದ ಕೋಶಕ್ಕೆ ದಾಟುವಂಥದ್ದಲ್ಲ, ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತಣ್ಣಗಿಟ್ಟ ಕೋಶಗಳಿಗೆ ಕ್ಷಣಕಾಲ 42 ಡಿಗ್ರಿ ಬಿಸಿ ಮುಟ್ಟಿಸಿ ಸೇರಿಸಿದೆ. ಈ ಕೊಳವೆಯ ಓ.ಡಿ. ಔಷಧಿ ಬಿದ್ದದ್ದೇ ಗೊತ್ತಿಲ್ಲದಂತೆ ಏರುತ್ತಾ ಹೋಯಿತು.

ಪ್ಲಾಸ್ಮಿಡ್ ಸೇರಿಸಿದ ಕೋಶಗಳನ್ನು ಆಂಪಿಸಿಲಿನ್ ಅಗರ್ ಮೇಲೆ ಹರಡಿದ ತಟ್ಟೆಯನ್ನು ಮರುದಿನ ಬೆಳಗ್ಗೆಯೇ ತೆಗೆಯದೆ ಮತ್ತೊಂದು ದಿನ ಬಿಟ್ಟಿದ್ದೆ, ನೆನಪಿರಲಿಲ್ಲ. ದೊಡ್ಡ ವಸಾಹತುಗಳ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಸಣ್ಣವು ಮೂಡಿದ್ದವು. ಇಷ್ಟೊಂದಕ್ಕೆ ಪ್ಲಾಸ್ಮಿಡ್ ಸೇರಿತೇ ಎಂದು ಒಬ್ಬಳು ಹಿಗ್ಗಿದಳು. ಸಣ್ಣದರಿಂದ ಒಂದಿಷ್ಟು ತೆಗೆದು ಹೊಸ ಆಂಪಿಸಿಲಿನ್ ತಟ್ಟೆಯ ಒಂದು ಬದಿಗೆ, ದೊಡ್ಡದರಿಂದ ಇನ್ನೊಂದು ಬದಿಗೆ ಗೆರೆ ಎಳೆಯಲು ಹೇಳಿದೆ. ಈ ಸಲ ಹದಿನಾರು ಗಂಟೆಗೆ ಸರಿಯಾಗಿ ತೆಗೆದೆವು. ದೊಡ್ಡದರ ಗೆರೆ ದಟ್ಟವಾಗಿ ಬೆಳೆದಿತ್ತು. ಸಣ್ಣದರ ಬದಿ ಖಾಲಿ. ಅವು ನೆರೆಮನೆಯಿಂದ ಸೋರಿದ ಕಿಣ್ವ ಅಗರಿನಲ್ಲಿದ್ದ ಔಷಧಿಯನ್ನು ತಿಂದು ಹಾಕಿದ ಮೇಲೆ, ಆ ಮರೆಯಲ್ಲಿ ತಲೆ ಎತ್ತಿದ ಪ್ಲಾಸ್ಮಿಡ್ ಇಲ್ಲದ ಕೋಶಗಳು.