ಪಾಟಿಯಿಂದ ಕಮೋಡ್‌ಗೆ: ಮೊದಲು ಮಗುವಿನ ಹಿಮ್ಮಡಿ ನೋಡಿ

ಪಾಟಿಯ ಮೇಲೆ ಕೂತು ಎಲ್ಲವನ್ನೂ ಸಲೀಸಾಗಿ ಮುಗಿಸುತ್ತಿದ್ದ ಮಗುವನ್ನು ದೊಡ್ಡವರ ಕಮೋಡ್ ಮೇಲೆ ಕೂರಿಸಿದರೆ ಹಲವು ಮನೆಗಳಲ್ಲಿ ಒಂದೇ ಕಥೆ. ಉಚ್ಚೆ ಹೇಗೋ ಆಗುತ್ತದೆ. ಕಕ್ಕ ಬಂತೆಂದರೆ ಮಾತ್ರ ಮಗು ಕೆಳಗಿಳಿದು ಪಾಟಿ ಕೇಳುತ್ತದೆ, ಇಲ್ಲವೇ ಡೈಪರ್ ಹಾಕು ಎಂದು ರಚ್ಚೆ ಹಿಡಿಯುತ್ತದೆ. ಹಠ ಎಂದು ಬೈಯುವವರುಂಟು, ಇನ್ನೂ ವಯಸ್ಸಾಗಿಲ್ಲ ಎಂದು ಕೈಬಿಡುವವರೂ ಉಂಟು. ಎರಡಕ್ಕೂ ಮುಂಚೆ ಬಗ್ಗಿ ಮಗುವಿನ ಪಾದಗಳನ್ನೊಮ್ಮೆ ನೋಡಿ. ಹಿಮ್ಮಡಿ ಗಾಳಿಯಲ್ಲಿದ್ದರೆ ಅರ್ಧ ಉತ್ತರ ಸಿಕ್ಕಿತು.

ಪಾಟಿ ಗಿಡ್ಡ. ಅದರಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರುತ್ತದೆ, ಮಂಡಿ ಸೊಂಟಕ್ಕಿಂತ ಮೇಲೇಳುತ್ತದೆ, ಮೈ ತಾನಾಗಿ ಮುಂದೆ ಬಾಗುತ್ತದೆ. ಕುಕ್ಕರುಗಾಲಿನಲ್ಲಿ ಕೂತಂತೆಯೇ. ಗುದನಾಳದ ಸುತ್ತ ಜೋಲಿಯಂತೆ ಹಾದುಹೋಗುವ ಒಂದು ಸ್ನಾಯು ಇದೆ. ಅದು ನಾಳವನ್ನು ಮುಂದಕ್ಕೆ ಎಳೆದು ಬಾಗಿಸಿ ಇಟ್ಟಿರುವುದರಿಂದಲೇ ಮಲ ಒಳಗೆ ನಿಲ್ಲುತ್ತದೆ. ಮಂಡಿ ಮೇಲೆದ್ದಾಗ ಆ ಸ್ನಾಯು ಸಡಿಲಾಗಿ ದಾರಿ ನೇರವಾಗುತ್ತದೆ. ಕಾಲು ಇಳಿಬಿದ್ದಾಗ ಆಗುವುದು ಇದಕ್ಕೆ ತದ್ವಿರುದ್ಧ: ಬೀಳದಿರಲು ಮಗು ತೊಡೆ, ಪೃಷ್ಠ, ಹೊಟ್ಟೆ ಎಲ್ಲವನ್ನೂ ಬಿಗಿ ಹಿಡಿಯುತ್ತದೆ, ಎರಡೂ ಅಂಗೈಯಿಂದ ಸೀಟಿನ ಅಂಚನ್ನು ಅದುಮಿಕೊಳ್ಳುತ್ತದೆ. ಹಾಗೆ ಬಿಗಿ ಹಿಡಿದ ಮೈಯಿಂದ ಕಕ್ಕ ಬರುವುದು ಕಷ್ಟ. ಉಚ್ಚೆಗೆ ಅಷ್ಟು ಸಡಿಲವಾಗಬೇಕಿಲ್ಲವಾದ್ದರಿಂದ ಅದು ಬೇಗ ರೂಢಿಯಾಗುತ್ತದೆ.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಒಂದು ಅಳತೆ ಟೇಪು ಹುಡುಕಿ.

ಅಳತೆ

ಎರಡೇ ಅಳತೆ ಸಾಕು. ಒಂದು, ನೆಲದಿಂದ ಮಗು ಕೂರುವ ಜಾಗದವರೆಗಿನ ಎತ್ತರ. ಇದನ್ನು ಕಮೋಡ್ ಮೇಲೆ ಮಕ್ಕಳ ಸೀಟನ್ನು, ಅಂದರೆ ಸೀಟ್ ರಿಡ್ಯೂಸರನ್ನು ಇಟ್ಟೇ ಅಳೆಯಬೇಕು, ಅದೂ ಒಂದೆರಡು ಸೆಂ.ಮೀ. ಎತ್ತರ ಕೂಡಿಸುತ್ತದೆ. ಎರಡನೆಯದು, ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಮಂಡಿಯ ಹಿಂದಿನ ಮಡಿಕೆಯಿಂದ ಹಿಮ್ಮಡಿಯ ಅಡಿಯವರೆಗಿನ ಉದ್ದ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದ ಉತ್ತರಕ್ಕೆ ಎರಡು ಮೂರು ಸೆಂ.ಮೀ. ಸೇರಿಸಿ, ಮಂಡಿ ಸೊಂಟಕ್ಕಿಂತ ತುಸು ಮೇಲಿರಬೇಕಲ್ಲ. ಅದೇ ನಿಮಗೆ ಬೇಕಾದ ಸ್ಟೂಲಿನ ಎತ್ತರ.

ಒಂದು ಮನೆಯ ಲೆಕ್ಕ ನೋಡೋಣ. ಮಗುವಿಗೆ ಮೂರು ತುಂಬಲು ಇನ್ನೆರಡು ತಿಂಗಳು. ಕಮೋಡ್ 40 ಸೆಂ.ಮೀ., ಮಕ್ಕಳ ಸೀಟು ಸೇರಿ 42. ಮಗುವಿನ ಮೊಣಕಾಲಿನಿಂದ ಹಿಮ್ಮಡಿಗೆ 22. ಕಳೆದರೆ 20, ಮೂರು ಸೇರಿಸಿದರೆ 23 ಸೆಂ.ಮೀ. ಎತ್ತರದ ಸ್ಟೂಲ್ ಬೇಕು. ಆ ಮನೆಯಲ್ಲಿ ಇದ್ದದ್ದು ಕೈ ತೊಳೆಯಲು ಹತ್ತಿ ನಿಲ್ಲುವ 15 ಸೆಂ.ಮೀ. ಸ್ಟೂಲ್. ಹಿಮ್ಮಡಿಗೂ ಸ್ಟೂಲಿಗೂ ನಡುವೆ ಐದು ಸೆಂ.ಮೀ. ಅಂತರ. ಆದರೆ ನಿಂತು ನೋಡುವವರಿಗೆ ಇದು ಕಾಣುವುದೇ ಇಲ್ಲ! ಮಗು ಪಾದ ಇಳಿಬಿಟ್ಟು ಹೆಬ್ಬೆರಳಿನ ತುದಿಯನ್ನು ಸ್ಟೂಲಿಗೆ ತಾಗಿಸಿಕೊಂಡಿರುತ್ತದೆ. "ಕಾಲು ಸಿಗ್ತಾ ಇದೆಯಲ್ಲ" ಎಂದುಕೊಳ್ಳುತ್ತೇವೆ. ತುದಿಗಾಲಲ್ಲಿ ನಿಂತು ನೋಡಿ, ತೊಡೆ ಪೃಷ್ಠಗಳು ಎಷ್ಟು ಬಿಗಿಯಾಗುತ್ತವೆ ಎಂಬುದು ನಿಮಗೇ ತಿಳಿಯುತ್ತದೆ. ಕಕ್ಕ ತಡೆಹಿಡಿಯುವ ಮಕ್ಕಳು ನಿಲ್ಲುವುದೂ ಹೀಗೆಯೇ.

ಸ್ಟೂಲ್ ಗಿಡ್ಡವಾಗಿದ್ದರೆ ಕೆಳಗೆ ಪುಸ್ತಕವನ್ನೋ ಇಟ್ಟಿಗೆಯನ್ನೋ ಪೇರಿಸಬೇಡಿ, ಜಾರುತ್ತದೆ. ಬಡಗಿಯಿಂದ ಅಡಿಗೆ ಹಲಗೆ ಹೊಡೆಸಿ ಎತ್ತರ ಮಾಡಿಸುವುದು ಅಥವಾ ಎರಡು ಮೆಟ್ಟಿಲಿನ ಸ್ಟೂಲ್ ತರುವುದು ಸರಿ. 23 ಸೆಂ.ಮೀ.ಯನ್ನು ಒಂದೇ ಹೆಜ್ಜೆಗೆ ಹತ್ತುವುದು ಈ ವಯಸ್ಸಿಗೆ ಸುಲಭವಲ್ಲ, ಆದ್ದರಿಂದ ನಡುವೆ ಹನ್ನೊಂದು ಹನ್ನೆರಡರ ಮೆಟ್ಟಿಲೊಂದಿದ್ದರೆ ಒಳ್ಳೆಯದು. ಮೇಲ್ಭಾಗ ಕನಿಷ್ಠ ಒಂದು ಅಡಿ ಅಗಲವಿರಲಿ, ಮಂಡಿಗಳನ್ನು ಅಗಲಿಸಿಯೂ ಎರಡೂ ಪಾದ ಊರುವಂತಿರಬೇಕು. ಕಾಲಿಗೆ ರಬ್ಬರ್ ಬುಷ್ ಇಲ್ಲದ ಪ್ಲಾಸ್ಟಿಕ್ ಸ್ಟೂಲ್ ಒದ್ದೆ ಟೈಲ್ಸ್ ಮೇಲೆ ನಿಲ್ಲುವುದಿಲ್ಲ.

ಮಕ್ಕಳ ಸೀಟು

ಇದರಲ್ಲಿ ನೋಡಬೇಕಾದ್ದು ಒಂದೇ: ಅಲುಗಾಡಬಾರದು. ಬಣ್ಣ, ಬೊಂಬೆ, ಮೆತ್ತೆ ಇವೆಲ್ಲ ಆಮೇಲಿನ ಮಾತು. ಕಮೋಡಿನ ಸೀಟು ಕೆಲವು ದುಂಡಗೆ, ಕೆಲವು ಮೊಟ್ಟೆಯಾಕಾರ, ಇನ್ನು ಕೆಲವು ಚೌಕಕ್ಕೆ ಹತ್ತಿರ. ಒಂದಕ್ಕೆ ಕಚ್ಚಿ ಕೂರುವ ರಿಡ್ಯೂಸರ್ ಇನ್ನೊಂದರ ಮೇಲೆ ಜಾರಾಡುತ್ತದೆ. ಕೊಳ್ಳುವ ಮುಂಚೆ ನಿಮ್ಮ ಕಮೋಡ್ ಸೀಟಿನ ರಂಧ್ರದ ಉದ್ದ ಅಗಲ ಬರೆದುಕೊಂಡು ಹೋಗಿ. ತಂದ ಮೇಲೆ ಸೀಟನ್ನು ಕೂರಿಸಿ, ಮುಂದಿನ ಅಂಚಿಗೆ ಅಂಗೈ ಊರಿ ಮಗುವಿನ ತೂಕದಷ್ಟು ಅದುಮಿ, ಆಮೇಲೆ ಎಡಕ್ಕೂ ಬಲಕ್ಕೂ ತಳ್ಳಿ. ಹಿಂಭಾಗ ಮೇಲೆದ್ದರೆ ಅಥವಾ ಪಕ್ಕಕ್ಕೆ ಸರಿದರೆ ಅಡಿಯ ಹಿಡಿತದ ಗುಬ್ಬಿಗಳನ್ನು ಹೊಂದಿಸಿ, ಆಗದಿದ್ದರೆ ವಾಪಸು ಮಾಡಿ. ಎಷ್ಟೋ ಸಲ ತಪ್ಪು ರಿಡ್ಯೂಸರಿನದಲ್ಲ, ಕಮೋಡಿನ ಮೂಲ ಸೀಟಿನ ಬೋಲ್ಟೇ ಸಡಿಲವಾಗಿರುತ್ತದೆ. ಅದನ್ನು ಬಿಗಿ ಮಾಡಿದರೆ ಎಲ್ಲ ನಿಲ್ಲುತ್ತದೆ. ಮಡಚುವ ಸೀಟು ಪ್ರಯಾಣಕ್ಕೆ ಅನುಕೂಲ, ದಿನಬಳಕೆಗೆ ನನಗೆ ಇಷ್ಟವಿಲ್ಲ. ಮಡಿಕೆಯಲ್ಲಿ ತೊಡೆಯ ಚರ್ಮ ಸಿಕ್ಕಿ ಒಮ್ಮೆ ಚಿವುಟಿತೆಂದರೆ ಮಗು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ.

ಕೂರಿಸುವುದು

ಮೊದಲ ಕೆಲವು ದಿನ ಪಾಟಿಯನ್ನೇ ಬಚ್ಚಲಿನೊಳಗೆ, ಕಮೋಡಿನ ಪಕ್ಕದಲ್ಲಿಡಿ. ಪಾಟಿಯಲ್ಲಿದ್ದುದನ್ನು ಮಗುವಿನ ಎದುರೇ ಕಮೋಡಿಗೆ ಸುರಿಯಿರಿ. ಜಾಗ ಪರಿಚಯವಾದ ಮೇಲೆ ಬಟ್ಟೆ ಹಾಕಿಕೊಂಡೇ ಹತ್ತಿ ಕೂತು ಇಳಿಯುವ ಆಟ ಆಡಿಸಿ. ಹತ್ತುವುದು, ತಿರುಗುವುದು, ಸೀಟಿಗೆ ಬೆನ್ನು ಮಾಡಿ ಕೂರುವುದು ಇವು ಮಗುವಿಗೆ ಬಿಡಿಬಿಡಿಯಾದ ಕೆಲಸಗಳು, ಅವಸರವಿರುವಾಗ ಕಲಿಯಲಾಗದು.

ನಿಜವಾಗಿ ಕೂರುವಾಗ ಚಡ್ಡಿಯನ್ನು ಪಾದದವರೆಗೆ ಇಳಿಸಿ, ಇನ್ನೂ ಒಳ್ಳೆಯದೆಂದರೆ ಒಂದು ಕಾಲಿನಿಂದ ಬಿಡಿಸಿಬಿಡಿ. ಮಂಡಿಯಲ್ಲಿ ಸಿಕ್ಕಿಕೊಂಡ ಚಡ್ಡಿ ತೊಡೆಗಳನ್ನು ಅಗಲಿಸಲು ಬಿಡುವುದಿಲ್ಲ. ಗಂಡುಮಕ್ಕಳಾದರೂ ಮೊದಲಿಗೆ ಕೂತೇ ಉಚ್ಚೆ ಮಾಡಲಿ, ಮುಂದೆ ಬಾಗಿ ಅಂಗವನ್ನು ಕೆಳಮುಖ ಮಾಡಿಕೊಳ್ಳುವುದನ್ನು ಹೇಳಿಕೊಡಿ. ಕೂತ ಮೇಲೆ ಮೊಣಕೈಗಳನ್ನು ತೊಡೆಯ ಮೇಲೆ ಊರಿದರೆ ಮೈ ಬೇಕಾದಷ್ಟು ಬಾಗುತ್ತದೆ. ತಳ್ಳು, ಮುಕ್ಕು ಎಂದು ಒತ್ತಾಯಿಸುವ ಬದಲು ಕೈಗೆ ಗುಳ್ಳೆ ಊದುವ ಕಡ್ಡಿ ಕೊಡಿ. ಉದ್ದನೆಯ ಉಸಿರು ಬಿಡುವಾಗ ಹೊಟ್ಟೆ ತಾನಾಗಿ ಒತ್ತಡ ಕೊಡುತ್ತದೆ, ಬುಡ ಸಡಿಲಾಗುತ್ತದೆ.

ಹೊತ್ತನ್ನೂ ಆರಿಸಿಕೊಳ್ಳಬಹುದು. ಊಟ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ಚುರುಕಾಗುವುದರಿಂದ ತಿಂಡಿಯ ನಂತರದ ಅರ್ಧ ಗಂಟೆಯೊಳಗೆ ಕೂರಿಸಿದರೆ ಆಗುವ ಸಾಧ್ಯತೆ ಹೆಚ್ಚು. ಮೂರರಿಂದ ಐದು ನಿಮಿಷ ಸಾಕು. ಆಗಲಿಲ್ಲವಾ, ಇಳಿಸಿಬಿಡಿ. ಮಗು ಕೂತಿರುವಾಗ ಫ್ಲಶ್ ಮಾಡಬೇಡಿ. ತನ್ನ ಕೆಳಗೆ ಏಕಾಏಕಿ ಭೋರ್ಗರೆಯುವ ನೀರು ಎಷ್ಟೋ ಮಕ್ಕಳನ್ನು ಕಮೋಡಿನಿಂದ ಓಡಿಸಿದೆ. ಇಳಿದು, ಬಟ್ಟೆ ಹಾಕಿಕೊಂಡು, ಬೇಕಿದ್ದರೆ ಬಾಗಿಲ ಬಳಿ ನಿಂತು ತಾನೇ "ಟಾಟಾ" ಹೇಳಿದ ಮೇಲೆ ಫ್ಲಶ್ ಆಗಲಿ.

ಮಗು ಮೇಲಿರುವಷ್ಟು ಹೊತ್ತೂ ಕೈಗೆಟಕುವ ದೂರದಲ್ಲಿ ನೀವಿರಬೇಕು. ಬಚ್ಚಲಿನ ಒಳಚಿಲಕ ಮಗುವಿಗೆ ಸಿಗದಷ್ಟು ಎತ್ತರಕ್ಕಿರಲಿ. ಕೆಲಸ ಮುಗಿದ ಮೇಲೆ ಸ್ಟೂಲನ್ನು ಹೊರಗಿಟ್ಟು, ಕಮೋಡಿನ ಮುಚ್ಚಳ ಹಾಕಿ, ಬಾಗಿಲು ಎಳೆದುಕೊಳ್ಳಿ. ಹತ್ತಲು ಕಲಿತ ಪುಟ್ಟ ಮಗು ತಲೆಕೆಳಗಾಗಿ ಬಗ್ಗಿದರೆ ಕಮೋಡಿನ ಆ ಸ್ವಲ್ಪ ನೀರೂ ಅಪಾಯವೇ.

ಕಕ್ಕ ಬೇಡವೆಂದಾಗ

ಮೇಲೆ ಹೇಳಿದ ಮನೆಯಲ್ಲಿ ಸ್ಟೂಲ್ ಎತ್ತರಿಸಿದ ಮೇಲೆ ಮಗು ಅಂಚು ಹಿಡಿಯುವುದನ್ನು ಬಿಟ್ಟಿತು, ಬೆನ್ನು ಬಾಗಿತು. ಆದರೂ ಕಕ್ಕಕ್ಕೆ ಪಾಟಿಯೇ ಬೇಕಿತ್ತು. ಅವರು ಪಾಟಿಯನ್ನು ಅಡಗಿಸಿಡಲಿಲ್ಲ, ಅದು ಸರಿಯಾದ ನಿರ್ಧಾರ. ಪಾಟಿಯೂ ಇಲ್ಲ, ಡೈಪರೂ ಇಲ್ಲ ಎಂದಾದರೆ ಮಗುವಿಗೆ ಉಳಿಯುವ ದಾರಿ ತಡೆದುಕೊಳ್ಳುವುದೊಂದೇ. ತಡೆದ ಮಲ ಒಣಗಿ ಗಟ್ಟಿಯಾಗುತ್ತದೆ, ಮುಂದಿನ ಸಲ ನೋಯಿಸುತ್ತದೆ, ನೋವಿನ ಭಯಕ್ಕೆ ಇನ್ನಷ್ಟು ತಡೆಯುತ್ತದೆ. ಈ ಸುಳಿಗೆ ಬಿದ್ದರೆ ಯಾವ ಸ್ಟೂಲೂ ಕೆಲಸಕ್ಕೆ ಬಾರದು.

ತಡೆಯುತ್ತಿದೆ ಎಂದು ಗುರುತಿಸುವುದು ಹೇಗೆ? ಕಾಲು ಕತ್ತರಿ ಹಾಕಿ ನೆಟ್ಟಗೆ ನಿಲ್ಲುತ್ತದೆ, ತುದಿಗಾಲಿನಲ್ಲಿ ನಡೆಯುತ್ತದೆ, ಪರದೆಯ ಹಿಂದೆಯೋ ಮಂಚದ ಮೂಲೆಯಲ್ಲೋ ಅಡಗಿ ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ನೋಡುವವರಿಗೆ ಮುಕ್ಕುತ್ತಿರುವಂತೆ ಕಂಡರೂ ಅದು ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಚಡ್ಡಿಯಲ್ಲಿ ಆಗಾಗ ಸ್ವಲ್ಪ ಕಲೆ ಕಂಡರೆ ಭೇದಿ ಎಂದುಕೊಳ್ಳಬೇಡಿ, ಒಳಗೆ ತುಂಬಿ ಗಟ್ಟಿಯಾದ ಮಲದ ಪಕ್ಕದಿಂದ ಜಿನುಗಿದ್ದಿರಬಹುದು. ಆಗ ಕಮೋಡಿನ ಮಾತೇ ನಿಲ್ಲಿಸಿ, ಪಾಟಿಗೆ ಮರಳಿ, ಮೊದಲು ಮಲ ಮೆತ್ತಗಾಗಲಿ. ನೋವು, ರಕ್ತ, ಹೊಟ್ಟೆಯುಬ್ಬರ ಇದ್ದರೆ ಅಥವಾ ಮೂರ್ನಾಲ್ಕು ದಿನಕ್ಕೊಮ್ಮೆ ಮಾತ್ರ ಗಟ್ಟಿಯಾಗಿ ಆಗುತ್ತಿದ್ದರೆ ಮಕ್ಕಳ ವೈದ್ಯರನ್ನು ನೋಡಬೇಕು. ಮೆತ್ತಗೆ ಮಾಡುವ ಔಷಧವನ್ನು ಅವರು ತೂಕ ನೋಡಿ ಬರೆದುಕೊಡುತ್ತಾರೆ.

ಮಲ ಮೆತ್ತಗಿದ್ದೂ ಮಗು ಒಪ್ಪದಿದ್ದರೆ ನಡುವೆ ಮೆಟ್ಟಿಲು ಹಾಕಿ. ಪಾಟಿಯಲ್ಲಿ ಕಕ್ಕ, ಆದರೆ ಬಚ್ಚಲಿನಲ್ಲಿ ಮಾತ್ರ. ಅದು ರೂಢಿಯಾದ ಮೇಲೆ ಕಮೋಡ್ ಮೇಲೆ ಡೈಪರ್ ಹಾಕಿಕೊಂಡೇ ಕೂರಲಿ. ಆಮೇಲೆ ಡೈಪರನ್ನು ಸಡಿಲ ಬಿಡಿ, ಕೊನೆಗೆ ತೆಗೆಯಿರಿ. ಒಂದೊಂದು ಹಂತಕ್ಕೂ ವಾರಗಳು ಹಿಡಿಯಬಹುದು. ತಮ್ಮನೋ ತಂಗಿಯೋ ಹುಟ್ಟಿದ ತಿಂಗಳು, ಮನೆ ಬದಲಿಸಿದ ವಾರ ಇದನ್ನು ಶುರು ಮಾಡದಿರುವುದೇ ಜಾಣತನ.

ನಾಲ್ಕೈದು ತಿಂಗಳಿಗೊಮ್ಮೆ ಕಾಲಿನ ಅಳತೆ ಮತ್ತೆ ತೆಗೆದುಕೊಳ್ಳಿ. ಕಾಲು ಉದ್ದವಾದಂತೆ ಸ್ಟೂಲ್ ಗಿಡ್ಡವಾಗಬೇಕು, ಮಂಡಿ ಎದೆಗೆ ಒತ್ತುತ್ತಿದ್ದರೆ ಅದು ಹೆಚ್ಚಾಯಿತೆಂದು ಅರ್ಥ. ಎರಡರಲ್ಲಿ ಮೊದಲು ಬಿಡಬಹುದಾದ್ದು ಮಕ್ಕಳ ಸೀಟು. ಕೈ ಊರದೆ, ಒಳಗೆ ಕುಸಿಯದೆ ದೊಡ್ಡ ಸೀಟಿನ ಮೇಲೆ ಕೂರಬಲ್ಲದಾದರೆ ಅದನ್ನು ಎತ್ತಿಡಿ. ಸ್ಟೂಲ್ ಮಾತ್ರ ಪಾದ ನೆಲಕ್ಕೆ ಪೂರ್ತಿ ಊರುವವರೆಗೆ, ಅಂದರೆ ಇನ್ನೂ ಹಲವು ವರ್ಷ ಅಲ್ಲೇ ಇರಲಿ.